ಡಬ್ಲ್ಯೂಕೆಬಿ ಲೆಕ್ಕದಲ್ಲಿ ಶಕ್ತಿ ಮಟ್ಟ ತಪ್ಪು ಬರುತ್ತಿದೆಯೇ? ತಿರುವು ಬಿಂದುವಿನಿಂದ ಶುರುಮಾಡಿ

ನಯವಾದ ಒಂದು ಪೊಟೆನ್ಶಿಯಲ್ ಇದೆ. ಅದರೊಳಗೆ ಸಿಕ್ಕಿಕೊಂಡ ಕಣದ ಶಕ್ತಿ ಮಟ್ಟಗಳು ಬೇಕು. ಶ್ರೋಡಿಂಗರ್ ಸಮೀಕರಣವನ್ನು ಪೂರ್ತಿ ಬಿಡಿಸುವ ಗೋಜು ಬೇಡವೆಂದು ಡಬ್ಲ್ಯೂಕೆಬಿ ಸೂತ್ರ ಹಿಡಿದಿರಿ. ಉತ್ತರವೇನೋ ಬಂತು, ಆದರೆ ಪುಸ್ತಕದ ಉತ್ತರದ ಜೊತೆ ತಾಳೆಯಾಗುತ್ತಿಲ್ಲ. ಈ ಬರಹ ಅಂಥವರಿಗಾಗಿ.

ಸೂತ್ರ ಇದು:

```
∫ p dx = (n + 1/2) π ħ      (x1 ರಿಂದ x2 ವರೆಗೆ)
p = √( 2m (E − V(x)) ),     n = 0, 1, 2, ...
```

x1 ಮತ್ತು x2 ತಿರುವು ಬಿಂದುಗಳು. ಅಲ್ಲಿ E = V. ಹಳೆಯ ಯಂತ್ರಶಾಸ್ತ್ರದ ಪ್ರಕಾರ ಕಣ ಅಲ್ಲಿಗೆ ಬಂದು, ಒಂದು ಕ್ಷಣ ನಿಂತು, ಹಿಂದಕ್ಕೆ ಹೋಗುತ್ತದೆ. ಅಲ್ಲಿ p ಸೊನ್ನೆ. p ಸೊನ್ನೆಯಾದರೆ ತರಂಗದೂರ ಅನಂತ. ತರಂಗದೂರ ನಿಧಾನವಾಗಿ ಬದಲಾಗುತ್ತದೆ ಎಂಬ ನಂಬಿಕೆಯ ಮೇಲೆ ನಿಂತ ವಿಧಾನ ಇದು. ಆ ನಂಬಿಕೆ ಮುರಿದುಬೀಳುವುದು ಸರಿಯಾಗಿ ಈ ಎರಡು ಜಾಗಗಳಲ್ಲಿ. ಹಾಗಾಗಿ ಲೆಕ್ಕ ಕೆಟ್ಟಾಗ ಮೊದಲ ಅನುಮಾನ ತುದಿಗಳ ಮೇಲಿರಲಿ. ನಡುವಿನ ಭಾಗ ಸಾಮಾನ್ಯವಾಗಿ ತಾನಾಗಿ ಸರಿ ಇರುತ್ತದೆ.

ಪರೀಕ್ಷೆಗೆ V = x⁴ ತೆಗೆದುಕೊಳ್ಳೋಣ. ಏಕಮಾನಗಳನ್ನು ħ = 1, 2m = 1 ಎಂದು ಇಡೋಣ, ಅಂದರೆ p = √(E − x⁴). ಇದನ್ನೇ ಆರಿಸಿದ್ದಕ್ಕೆ ಕಾರಣವಿದೆ. ಸರಳ ಆಂದೋಲಕದಲ್ಲಿ (V = x²) ಈ ಸೂತ್ರ ಪ್ರತಿ ಮಟ್ಟಕ್ಕೂ ನಿಖರ ಉತ್ತರ ಕೊಡುತ್ತದೆ. ಅಲ್ಲಿನ ತಪ್ಪುಗಳು ಒಂದನ್ನೊಂದು ಅಳಿಸಿಹಾಕುತ್ತವೆ, ನಮಗೆ ಕಾಣುವುದೇ ಇಲ್ಲ. x⁴ ಆ ರಿಯಾಯಿತಿ ಕೊಡುವುದಿಲ್ಲ. ಸರಿಯಾಗಿ ಲೆಕ್ಕ ಮಾಡಿದರೆ ಬರಬೇಕಾದ ಅಂಕಿಗಳು ಹೀಗಿವೆ:

| n | ಡಬ್ಲ್ಯೂಕೆಬಿ | ನಿಜವಾದ ಮಟ್ಟ | ಕೊರತೆ |
|---|---|---|---|
| 0 | 0.867 | 1.060 | ಶೇ 18.2 |
| 1 | 3.752 | 3.800 | ಶೇ 1.26 |
| 2 | 7.414 | 7.456 | ಶೇ 0.56 |
| 3 | 11.612 | 11.645 | ಶೇ 0.29 |
| 4 | 16.234 | 16.262 | ಶೇ 0.17 |

ನಿಮ್ಮ ಪ್ರೋಗ್ರಾಂಗೆ ಮೊದಲು x⁴ ಕೊಟ್ಟು ಈ ಎರಡನೇ ಕಾಲಂ ಬರುತ್ತದೆಯೇ ನೋಡಿ. ಬಂದರೆ ಪ್ರೋಗ್ರಾಂ ಸರಿ ಇದೆ, ನಿಮ್ಮ ಪೊಟೆನ್ಶಿಯಲ್‌ನಲ್ಲೇ ಏನೋ ವಿಶೇಷವಿದೆ. ಬರದಿದ್ದರೆ ಮುಂದೆ ಓದಿ. ಒಂದೇ ಮಟ್ಟ ನೋಡಿ ತೀರ್ಮಾನಕ್ಕೆ ಬರಬೇಡಿ. n ಹೆಚ್ಚಾದಂತೆ ತಪ್ಪು ಹೇಗೆ ಬದಲಾಗುತ್ತದೆ ಎನ್ನುವುದೇ ಇಲ್ಲಿ ನಿಜವಾದ ಸುಳಿವು. ಕನಿಷ್ಠ ಐದು ಮಟ್ಟ ತೆಗೆದು, ನಿಮ್ಮ ಉತ್ತರವನ್ನು ನಿಜವಾದ ಉತ್ತರದಿಂದ ಭಾಗಿಸಿ, ಸಾಲಾಗಿ ಬರೆದಿಟ್ಟುಕೊಳ್ಳಿ.

## ಲಕ್ಷಣ 1: ಎಲ್ಲಾ ಮಟ್ಟಗಳೂ ಒಂದೇ ಅನುಪಾತದಲ್ಲಿ ತಪ್ಪು

ಇದು ಅತಿ ಅಗ್ಗದ ದೋಷ. ಒಂದು ಪೆನ್ನು, ಒಂದು ಹಾಳೆ ಸಾಕು. ಭಾಗಲಬ್ಧಗಳು ದೊಡ್ಡ n ಗಳಿಗೆ ಒಂದೇ ಸಂಖ್ಯೆಯ ಹತ್ತಿರ ನಿಂತಿವೆ, ಆದರೆ ಆ ಸಂಖ್ಯೆ 1 ಅಲ್ಲ. ಅಂದರೆ ಭೌತಶಾಸ್ತ್ರ ಸರಿ ಇದೆ, ಎಲ್ಲೋ ಒಂದು ಗುಣಕ ತಪ್ಪಿದೆ.

ಆ ಸಂಖ್ಯೆ 0.63 ಆಗಿದ್ದರೆ ನೀವು p²/2 + x⁴ ಬಿಡಿಸಿದ್ದೀರಿ, ಹೋಲಿಸಿದ್ದು p² + x⁴ ಜೊತೆ. ಮೊದಲನೆಯದರ ನಿಜವಾದ ತಳಮಟ್ಟ 0.668, ಎರಡನೆಯದರದ್ದು 1.060. ಎರಡೂ ಸರಿ, ಬರೀ ಏಕಮಾನ ಬೇರೆ. ಒಬ್ಬೊಬ್ಬ ಲೇಖಕರು ಒಂದೊಂದು ರೂಢಿ ಹಿಡಿದಿರುತ್ತಾರೆ, ಹಾಗಾಗಿ ಅಂಕಿ ಹೋಲಿಸುವ ಮುಂಚೆ ಅವರ ಹ್ಯಾಮಿಲ್ಟೋನಿಯನ್ ನೋಡಿಕೊಳ್ಳಿ.

ಅದು 0.397 ಅಥವಾ 2.52 ಆಗಿದ್ದರೆ ಹೋಗಿ ಬರುವ ದಾರಿಯ ಗೊಂದಲ. x1 ರಿಂದ x2 ಗೆ ಹೋಗುವುದು ಅರ್ಧ ಸುತ್ತು, ಅದಕ್ಕೆ ಬಲಗಡೆ π ಬರುತ್ತದೆ. ಹೋಗಿ ವಾಪಸ್ ಬಂದರೆ ಪೂರ್ತಿ ಸುತ್ತು, ಅದಕ್ಕೆ 2π. ಅರ್ಧ ಸುತ್ತಿಗೆ 2π ಹಾಕಿದರೆ ಶಕ್ತಿ 2.52 ಪಟ್ಟು ಮೇಲೆ ಹೋಗುತ್ತದೆ. ಪೂರ್ತಿ ಸುತ್ತಿಗೆ π ಹಾಕಿದರೆ ಅಷ್ಟೇ ಪಟ್ಟು ಕೆಳಗಿಳಿಯುತ್ತದೆ. ಈ 2.52 ಎನ್ನುವುದು 2 ರ 4/3 ಘಾತ, ಅದು x⁴ ಗೆ ಮಾತ್ರ ಸೇರಿದ್ದು. ಸರಳ ಆಂದೋಲಕದಲ್ಲಿ ಇದೇ ತಪ್ಪು ನೇರವಾಗಿ ಎರಡು ಪಟ್ಟಾಗಿ ಕಾಣುತ್ತದೆ. ಇದನ್ನು ಹಿಡಿಯಲು ಮಾತ್ರ ಆಂದೋಲಕವೇ ಒಳ್ಳೆಯದು.

ಎಚ್ಚರ: ತಪ್ಪಿನ ಗುಣಕ ಸಿಕ್ಕಿತೆಂದು ಕೊನೆಯ ಸಾಲಿನಲ್ಲಿ ಸುಮ್ನೆ ಒಂದು ಸಂಖ್ಯೆಯಿಂದ ಗುಣಿಸಿ ಕೈ ತೊಳೆದುಕೊಳ್ಳಬೇಡಿ. ಆ ತೇಪೆ x⁴ ಗೆ ನಡೆಯುತ್ತದೆ. ನಾಳೆ ಪೊಟೆನ್ಶಿಯಲ್ ಬದಲಾಯಿಸಿದಾಗ ಅದೇ ಕೈಕೊಡುತ್ತದೆ.

## ಲಕ್ಷಣ 2: ಸ್ಕ್ರೀನ್ ಮೇಲೆ `nan`, ಇಲ್ಲವೇ ಗ್ರಿಡ್ ಬದಲಾಯಿಸಿದಂತೆ ಉತ್ತರ ಅಲುಗಾಡುತ್ತದೆ

`nan` ಬಂದರೆ ವರ್ಗಮೂಲದೊಳಗೆ ಋಣ ಸಂಖ್ಯೆ ಹೋಗಿದೆ ಎಂದರ್ಥ. ತಿರುವು ಬಿಂದುವನ್ನು ಒಂದು ಕೂದಲೆಳೆಯಷ್ಟು ಹೊರಗೆ ಗುರುತಿಸಿದರೂ ಸಾಕು, E − V ಋಣವಾಗುತ್ತದೆ. ಇದಕ್ಕೆ ಜನ ಸಾಮಾನ್ಯವಾಗಿ `abs()` ಹಾಕಿ ಬಾಯಿ ಮುಚ್ಚಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆಗ ತಿರುವು ಬಿಂದುವಿನ ಆಚೆಯ ನಿಷಿದ್ಧ ಜಾಗವೂ ಲೆಕ್ಕದೊಳಗೆ ಬಂದುಬಿಡುತ್ತದೆ. ತಿರುವು ಬಿಂದು ಪೂರಾ ತಪ್ಪಿದ್ದರೂ ನಿಮಗೆ ಗೊತ್ತೇ ಆಗುವುದಿಲ್ಲ. `nan` ನಿಮ್ಮ ಪರವಾಗಿ ಕೂಗುತ್ತಿದೆ, ಕೂಗಲಿ ಬಿಡಿ.

ಎರಡನೆಯದು ಇನ್ನೂ ಕಪಟಿ ದೋಷ. ತಿರುವು ಬಿಂದುವಿನ ಹತ್ತಿರ p ಯ ಗ್ರಾಫ್ ನೆಟ್ಟಗೆ ಕೆಳಗೆ ಬೀಳುತ್ತದೆ, √(ದೂರ) ತರಹ. ಅಲ್ಲಿ ಸ್ಲೋಪ್ ಅನಂತ. ಸಮದೂರದ ಬಿಂದುಗಳ ಟ್ರೆಪೆಜಾಯ್ಡ್ ವಿಧಾನ ಆ ಮೂಲೆಯ ವಿಸ್ತೀರ್ಣವನ್ನು ಸ್ವಲ್ಪ ಕಡಿಮೆ ಎಣಿಸುತ್ತದೆ. x⁴ ಗೆ ಎರಡು ತಿರುವು ಬಿಂದುಗಳ ನಡುವೆ 100 ಭಾಗ ಮಾಡಿದರೆ ಇಂಟಿಗ್ರಲ್ ಸುಮಾರು ಶೇ 0.13 ರಷ್ಟು ಕಡಿಮೆ ಬರುತ್ತದೆ. ಇಂಟಿಗ್ರಲ್ ಕಡಿಮೆಯಾದರೆ ಅದನ್ನು ತುಂಬಿಸಲು ಶಕ್ತಿ ಶೇ 0.18 ರಷ್ಟು ಮೇಲೇರುತ್ತದೆ.

ಈಗ ಮೇಲಿನ ಪಟ್ಟಿಯ n = 4 ರ ಸಾಲು ನೋಡಿ. ಡಬ್ಲ್ಯೂಕೆಬಿ ಅಲ್ಲಿ ಶೇ 0.17 ಕಡಿಮೆ ಕೊಡುತ್ತದೆ. ಒರಟು ಗ್ರಿಡ್ ಶೇ 0.18 ಜಾಸ್ತಿ ಮಾಡುತ್ತದೆ. ಎರಡೂ ಸೇರಿ ನಿಮ್ಮ ಉತ್ತರ 16.263 ಬರುತ್ತದೆ, ನಿಜವಾದದ್ದು 16.262! ಎರಡು ತಪ್ಪುಗಳು ಕೈಕುಲುಕಿ ಒಂದು ಸುಂದರ ಸುಳ್ಳು ಹೇಳಿವೆ. ಗ್ರಿಡ್ ಸಣ್ಣದು ಮಾಡಿದರೆ ಉತ್ತರ 'ಕೆಡುತ್ತದೆ' ಅಂತ ನಿಮಗೆ ಅನ್ನಿಸಿದರೆ, ಬಹುಶಃ ನಡೆಯುತ್ತಿರುವುದು ಇದೇ. ಸೂತ್ರಕ್ಕಿಂತ ಒಳ್ಳೆಯ ಉತ್ತರ ಬಂದರೆ ಖುಷಿಪಡಬೇಡಿ, ಅನುಮಾನಪಡಿ.

ಪರಿಹಾರ ಸುಲಭ. x = b sin θ ಎಂದು ಬದಲಿಸಿ, ಇಲ್ಲಿ b ಬಲಗಡೆಯ ತಿರುವು ಬಿಂದು. ಆಗ ಜೊತೆಗೆ ಬರುವ cos θ ತುದಿಯ ಚೂಪನ್ನು ನಯವಾಗಿಸುತ್ತದೆ, ಕೆಲವೇ ಬಿಂದುಗಳಲ್ಲಿ ಹತ್ತಾರು ಅಂಕಿ ನಿಖರತೆ ಸಿಗುತ್ತದೆ. ಎಡಬಲ ಸಮವಾಗಿರುವ ಪೊಟೆನ್ಶಿಯಲ್‌ಗೆ ಇಷ್ಟು ಸಾಕು:

```python
import numpy as np
from scipy.optimize import brentq

V = lambda x: x**4

def J(E, N=64):
    b = brentq(lambda x: V(x) - E, 0, 10)
    t = (np.arange(N) + 0.5) * np.pi / N - np.pi / 2
    x = b * np.sin(t)
    return np.sum(np.sqrt(E - V(x)) * b * np.cos(t)) * np.pi / N

def E_wkb(n):
    return brentq(lambda E: J(E) - (n + 0.5) * np.pi, 0.01, 100)
```

ಬಿಂದುಗಳನ್ನು ಭಾಗಗಳ ನಡುಮಧ್ಯದಲ್ಲಿ ಇಟ್ಟಿರುವುದರಿಂದ ಯಾವ ಬಿಂದುವೂ ಸರಿಯಾಗಿ ತಿರುವು ಬಿಂದುವಿನ ಮೇಲೆ ಕೂರುವುದಿಲ್ಲ, ಹಾಗಾಗಿ `nan` ಬರುವುದಿಲ್ಲ. `N` ಅನ್ನು 32, 64, 128 ಮಾಡಿ ನೋಡಿ. ಉತ್ತರ ಅಲುಗಾಡದಿದ್ದರೆ ಈ ದೋಷ ನಿಮ್ಮಲ್ಲಿಲ್ಲ. ಎಡಬಲ ಸಮವಿಲ್ಲದಿದ್ದರೆ ಎರಡೂ ತಿರುವು ಬಿಂದುಗಳನ್ನು ಬೇರೆ ಬೇರೆಯಾಗಿ ಹುಡುಕಿ, ಅವುಗಳ ಮಧ್ಯಬಿಂದುವನ್ನು ಕೇಂದ್ರವಾಗಿಟ್ಟುಕೊಳ್ಳಿ. ಶಕ್ತಿ ಬದಲಾದ ಹಾಗೆ ತಿರುವು ಬಿಂದುವೂ ಸರಿಯುತ್ತದೆ. ಒಮ್ಮೆ ಹುಡುಕಿ ಅದನ್ನೇ ಎಲ್ಲಾ ಮಟ್ಟಗಳಿಗೂ ಬಳಸುವುದು ಇನ್ನೊಂದು ಸಾಮಾನ್ಯ ಎಡವಟ್ಟು.

## ಲಕ್ಷಣ 3: ಏಣಿಯ ಮೆಟ್ಟಿಲುಗಳೇ ಅರ್ಧಂಬರ್ಧ ಸರಿದಿವೆ

ನಿಮ್ಮ ಉತ್ತರಗಳು 2.19, 5.51, 9.45 ಎಂದು ಬರುತ್ತಿವೆಯೇ? ನಿಜವಾದ ಮಟ್ಟಗಳು 1.06, 3.80, 7.46, 11.64. ನಿಮ್ಮವು ಅವುಗಳ ನಡುನಡುವೆ ಬಿದ್ದಿವೆ, ಅಲ್ವಾ? ಅನುಪಾತ ನೋಡಿ: 2.06, 1.45, 1.27. ಇಳಿಯುತ್ತಿದೆ, ಆದರೆ ತುಂಬಾ ನಿಧಾನವಾಗಿ. ಇದು ಬಲಗಡೆಯ 1/2 ತಪ್ಪಿದ್ದರ ಗುರುತು. ಇಲ್ಲಿ ನೀವು n + 1/2 ಬದಲು n + 1 ಹಾಕಿದ್ದೀರಿ. ತಳಮಟ್ಟವೇ ಸೊನ್ನೆ ಬಂದರೆ ಬರೀ n ಹಾಕಿದ್ದೀರಿ, ಅಂದರೆ ಬೋರ್ ಮತ್ತು ಸಮರ್‌ಫೆಲ್ಡ್ ಕಾಲದ ಹಳೆಯ ನಿಯಮ.

ಈ 1/2 ಎಲ್ಲಿಂದ ಬಂತು ಎಂದು ಸರಿಯಾಗಿ ಅರ್ಥ ಮಾಡಿಕೊಂಡರೆ ಮುಂದೆ ಎಂದೂ ತಪ್ಪುವುದಿಲ್ಲ. ಮೊದಲು ಎರಡೂ ಕಡೆ ಕಲ್ಲಿನಂಥ ಗೋಡೆ ಇರುವ ಪೆಟ್ಟಿಗೆ ಊಹಿಸಿ. ತರಂಗ ಗೋಡೆಯ ಬಳಿ ಸೊನ್ನೆಯಾಗಲೇಬೇಕು. ಒಳಗೆ ಸರಿಯಾಗಿ n + 1 ಅರ್ಧತರಂಗಗಳು ಕೂರಬೇಕು. ಈಗ ಗೋಡೆಗಳನ್ನು ತೆಗೆದು ನಯವಾದ ಇಳಿಜಾರು ಇಡಿ. ತರಂಗ ತಿರುವು ಬಿಂದುವಿನಲ್ಲಿ ಸೊನ್ನೆಯಾಗುವುದಿಲ್ಲ. ಸ್ವಲ್ಪ ಆಚೆಗೂ ಚಾಚಿಕೊಂಡು ಅಲ್ಲಿ ಸವೆದುಹೋಗುತ್ತದೆ. ಎಷ್ಟು ಚಾಚುತ್ತದೆ?

ತಿರುವು ಬಿಂದುವಿನ ಹತ್ತಿರ V ಯನ್ನು ಒಂದು ನೇರ ಗೆರೆ ಎಂದುಕೊಳ್ಳಬಹುದು. ನೇರ ಗೆರೆಯ ಪೊಟೆನ್ಶಿಯಲ್‌ಗೆ ಶ್ರೋಡಿಂಗರ್ ಸಮೀಕರಣದ ನಿಖರ ಉತ್ತರ ಗೊತ್ತಿದೆ, ಅದು ಏರಿ ಫಲನ. ಆಚೆ ಸವೆಯುವ ಏರಿ ಫಲನವನ್ನು ಈಚೆ ಒಳಗಿನವರೆಗೆ ಹಿಂಬಾಲಿಸಿದರೆ ಅದು ಒಂದು ಸೈನ್ ತರಂಗವಾಗುತ್ತದೆ. ಆ ಸೈನ್‌ನೊಳಗೆ ತಿರುವು ಬಿಂದುವಿನಿಂದ ಅಳೆದ ಫೇಸ್ ಜೊತೆಗೆ π/4 ಹೆಚ್ಚುವರಿಯಾಗಿ ಕೂತಿರುತ್ತದೆ. π/4 ಎಂದರೆ ತರಂಗದ ಎಂಟನೇ ಒಂದು ಭಾಗ. ಅಂದರೆ ಒಂದೊಂದು ತುದಿಯಲ್ಲೂ ಅರ್ಧತರಂಗದ ಕಾಲು ಭಾಗ ಆಚೆ ಹೋದಂತೆ ಲೆಕ್ಕ. ಎರಡು ತುದಿ ಸೇರಿದರೆ ಅರ್ಧತರಂಗದ ಅರ್ಧ. n + 1 ರಲ್ಲಿ ಅದನ್ನು ಕಳೆದರೆ ಒಳಗೆ ಉಳಿಯುವುದು n + 1/2.

ಹಾಗಾಗಿ ನೀವು ಕೇಳಿಕೊಳ್ಳಬೇಕಾದದ್ದು ಒಂದೇ ಪ್ರಶ್ನೆ: ನನ್ನ ತುದಿಗಳು ಎಂಥವು? ಪ್ರತಿ ನಯವಾದ ತುದಿಗೂ n + 1 ರಿಂದ 1/4 ಕಳೆಯಿರಿ. ಗೋಡೆಯಿದ್ದರೆ ಏನೂ ಕಳೆಯಬೇಡಿ.

ಒಂದು ಕಡೆ ಗೋಡೆ, ಇನ್ನೊಂದು ಕಡೆ ಇಳಿಜಾರು ಇದ್ದರೆ n + 3/4. ಇದು ಬರೀ ಪುಸ್ತಕದ ಕಸರತ್ತಲ್ಲ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿರುವ ಲಾವೆ–ಲಾಂಜವಾಂ ಸಂಸ್ಥೆಯಲ್ಲಿ ಅತಿ ತಣ್ಣನೆಯ ನ್ಯೂಟ್ರಾನ್‌ಗಳನ್ನು ಒಂದು ಕನ್ನಡಿಯ ಮೇಲೆ ಪುಟಿಸಿ, ಭೂಮಿಯ ಗುರುತ್ವದಲ್ಲಿ ಅವುಗಳ ಕ್ವಾಂಟಂ ಮಟ್ಟಗಳನ್ನು ಕಂಡ ಪ್ರಯೋಗ 2002 ರಲ್ಲಿ ಪ್ರಕಟವಾಯಿತು. ಕೆಳಗೆ ಕನ್ನಡಿ ಒಂದು ಗೋಡೆ. ಮೇಲೆ ಗುರುತ್ವ ಒಂದು ನಯವಾದ ಇಳಿಜಾರು. ತಳಮಟ್ಟದ ನ್ಯೂಟ್ರಾನ್ ಎಷ್ಟು ಎತ್ತರಕ್ಕೆ ಹೋಗಿ ತಿರುಗುತ್ತದೆ ಎಂದು ಲೆಕ್ಕ ಹಾಕಿದರೆ, ನಿಖರ ಉತ್ತರ 13.7 ಮೈಕ್ರೋಮೀಟರ್. n + 3/4 ಹಾಕಿದ ಡಬ್ಲ್ಯೂಕೆಬಿ 13.6 ಕೊಡುತ್ತದೆ, ತಳಮಟ್ಟಕ್ಕೇ! ಅಭ್ಯಾಸಬಲದಿಂದ n + 1/2 ಹಾಕಿದರೆ 10.4 ಬರುತ್ತದೆ. ಒಂದು ಕಾಲು ಭಾಗದ ಎಡವಟ್ಟಿಗೆ ಮೂರು ಮೈಕ್ರೋಮೀಟರ್ ದಂಡ.

ಗೋಡೆ ನಿಜಕ್ಕೂ ಗೋಡೆಯೇ ಎಂದು ಹೇಗೆ ತಿಳಿಯುವುದು? ಪೊಟೆನ್ಶಿಯಲ್ ಏರಲು ತೆಗೆದುಕೊಳ್ಳುವ ದೂರವನ್ನು ಅಲ್ಲಿನ ತರಂಗದೂರದ ಜೊತೆ ಹೋಲಿಸಿ. ತರಂಗದೂರಕ್ಕಿಂತ ತುಂಬಾ ಕಡಿಮೆ ದೂರದಲ್ಲಿ, ಕಣದ ಶಕ್ತಿಗಿಂತ ಬಹಳ ಎತ್ತರಕ್ಕೆ ಜಿಗಿದರೆ ಅದು ಗೋಡೆ. ಎರಡೂ ಒಂದೇ ಅಳತೆಯಲ್ಲಿದ್ದರೆ 1/4 ಕೂಡ ಸರಿಯಲ್ಲ, 0 ಕೂಡ ಸರಿಯಲ್ಲ. ಆಗ ಈ ವಿಧಾನ ಬಿಟ್ಟು ಕೊನೆಯ ಭಾಗಕ್ಕೆ ಹೋಗಿ.

## ಲಕ್ಷಣ 4: ಮೇಲಿನ ಮಟ್ಟಗಳು ಸರಿ, ತಳಮಟ್ಟ ಮಾತ್ರ ಕೆಟ್ಟಿದೆ

ನಿಮ್ಮ ಅಂಕಿಗಳು ಮೇಲಿನ ಪಟ್ಟಿಗೆ ತಾಳೆಯಾಗುತ್ತಿವೆ, ಆದರೆ ತಳಮಟ್ಟದಲ್ಲಿ ಶೇ 18 ಕೊರತೆ ನೋಡಿ ಹೊಟ್ಟೆಯುರಿಯುತ್ತಿದೆ. ಇಲ್ಲಿ ದೋಷ ನಿಮ್ಮದಲ್ಲ, ಅಂದಾಜಿನದ್ದೇ.

ಖಚಿತಪಡಿಸಿಕೊಳ್ಳಲು ಒಂದು ಚಿಕ್ಕ ಪರೀಕ್ಷೆ ಇದೆ. ಪ್ರತಿ ಮಟ್ಟದ ಶೇಕಡಾ ಕೊರತೆಯನ್ನು (n + 1/2)² ರಿಂದ ಗುಣಿಸಿ. x⁴ ಗೆ n = 2, 3, 4 ರಲ್ಲಿ ಮೂರಕ್ಕೂ 3.5 ಬರುತ್ತದೆ. ಹೀಗೆ ಗುಣಲಬ್ಧ ಒಂದೇ ಕಡೆ ನಿಂತರೆ ಉಳಿದಿರುವುದು ಅಂದಾಜಿನ ಸಹಜ ತಪ್ಪು ಮಾತ್ರ. ಗುಣಲಬ್ಧ ಏರುತ್ತಾ ಹೋದರೆ ಫೇಸ್‌ನಲ್ಲೋ ಗ್ರಿಡ್‌ನಲ್ಲೋ ಇನ್ನೂ ಏನೋ ಅವಿತಿದೆ. ಫೇಸ್ ತಪ್ಪು 1/n ವೇಗದಲ್ಲಿ ಇಳಿಯುತ್ತದೆ. ಗ್ರಿಡ್ ತಪ್ಪು, ಭಾಗಗಳ ಸಂಖ್ಯೆ ಅಷ್ಟೇ ಇಟ್ಟರೆ, ಇಳಿಯುವುದೇ ಇಲ್ಲ. ಅಂದಾಜಿನ ತಪ್ಪು ಮಾತ್ರ 1/n² ವೇಗದಲ್ಲಿ ಇಳಿಯುತ್ತದೆ.

ತಳಮಟ್ಟ ಯಾಕೆ ಕೆಡುತ್ತದೆ? ಮತ್ತೆ ತಿರುವು ಬಿಂದುವಿಗೇ ಹೋಗಬೇಕು. ಅಲ್ಲಿ V ಯನ್ನು ನೇರ ಗೆರೆ ಎಂದುಕೊಂಡಿದ್ದೆವು. ಎಷ್ಟು ದೂರದವರೆಗೆ ಅದು ನೇರವಾಗಿರಬೇಕು? ಏರಿ ಫಲನಕ್ಕೆ ತನ್ನದೇ ಒಂದು ಉದ್ದವಿದೆ. ತಿರುವು ಬಿಂದುವಿನಲ್ಲಿ ಪೊಟೆನ್ಶಿಯಲ್‌ನ ಸ್ಲೋಪ್ F ಆದರೆ ನಮ್ಮ ಏಕಮಾನದಲ್ಲಿ ಆ ಉದ್ದ a = F^(−1/3). ಸಾಮಾನ್ಯ ಏಕಮಾನದಲ್ಲಿ (ħ²/2mF)^(1/3). ಕನಿಷ್ಠ ಇಷ್ಟು ದೂರ ಸ್ಲೋಪ್ ಹೆಚ್ಚುಕಮ್ಮಿ ಅಷ್ಟೇ ಇರಬೇಕು.

n = 0 ಕ್ಕೆ ಹಾಕಿ ನೋಡೋಣ. ತಿರುವು ಬಿಂದು 1.015, ಸ್ಲೋಪ್ 4.18, ಹಾಗಾಗಿ a = 0.62. ಅಲ್ಲಿ V'' = 12.4. ಅಂದರೆ 0.62 ದೂರ ಹೋಗುವಷ್ಟರಲ್ಲಿ ಸ್ಲೋಪ್ ಸುಮಾರು 7.7 ಬದಲಾಗುತ್ತದೆ. ಇದ್ದದ್ದೇ 4.18! ನೇರ ಗೆರೆ ಎನ್ನುವ ಮಾತಿಗೆ ಅರ್ಥವೇ ಉಳಿಯಲಿಲ್ಲ. ಮೇಲಾಗಿ ಎರಡು ತಿರುವು ಬಿಂದುಗಳ ನಡುವೆ ಇರುವ ಜಾಗ 2.03, ಅಂದರೆ ಮೂರು ಚಿಲ್ಲರೆ a ಅಷ್ಟೇ. ಒಂದು ತುದಿಯ ಏರಿ ವಲಯ ಮುಗಿಯುವ ಮೊದಲೇ ಇನ್ನೊಂದು ತುದಿಯದ್ದು ಶುರುವಾಗುತ್ತದೆ.

n = 4 ಕ್ಕೆ ಬನ್ನಿ. ತಿರುವು ಬಿಂದು 2.01, ಸ್ಲೋಪ್ 32.4, a = 0.31. ಅಷ್ಟು ದೂರದಲ್ಲಿ ಸ್ಲೋಪ್ ಬದಲಾಗುವುದು 15ರಷ್ಟು, ಅಂದರೆ ಅರ್ಧದ ಒಳಗೆ. ತುದಿಗಳ ನಡುವೆ ಸುಮಾರು 13 a ಜಾಗವಿದೆ. ನಡುವೆ ತರಂಗಕ್ಕೆ ಕಾಲು ಚಾಚಲು ಸಾಕಷ್ಟು ಜಾಗ, ಹಾಗಾಗಿ ತಪ್ಪು ಶೇ 0.17 ಕ್ಕೆ ಇಳಿಯಿತು.

ಈ ಎರಡು ಸಂಖ್ಯೆಗಳನ್ನು, ಅಂದರೆ V''·a ÷ F ಮತ್ತು ತುದಿಗಳ ಅಂತರ ÷ a, ನಿಮ್ಮ ಪೊಟೆನ್ಶಿಯಲ್‌ಗೂ ತೆಗೆಯಿರಿ. ನಿಜವಾದ ಉತ್ತರ ಗೊತ್ತಿಲ್ಲದಾಗಲೂ ಡಬ್ಲ್ಯೂಕೆಬಿಯನ್ನು ಎಷ್ಟು ನಂಬಬಹುದು ಎಂದು ಇವು ಹೇಳುತ್ತವೆ. ಮೊದಲನೆಯದು 1 ಕ್ಕಿಂತ ಮೇಲಿದ್ದರೆ ಆ ಮಟ್ಟವನ್ನು ವರದಿಯಲ್ಲಿ ಬರೆಯಬೇಡಿ.

ಸ್ವಲ್ಪ ಉತ್ತಮಪಡಿಸಬೇಕೆಂದರೆ ಮುಂದಿನ ಹಂತದ ತಿದ್ದುಪಡಿ ಇದೆ. ಇಂಟಿಗ್ರಲ್‌ನಿಂದ ಇನ್ನೊಂದು ಪದವನ್ನು ಕಳೆಯಬೇಕು:

```
∫ √(E−V) dx − (1/24) d/dE ∫ V''/√(E−V) dx = (n + 1/2) π
```

x⁴ ಗೆ ಇದನ್ನು ಹಾಕಿದರೆ n = 2 ರಲ್ಲಿ 7.4558 ಬರುತ್ತದೆ. ನಿಜವಾದದ್ದು 7.4557. ಅದ್ಭುತ! ಆದರೆ n = 0 ರಲ್ಲಿ 0.981 ಬರುತ್ತದೆ, ಇನ್ನೂ ಶೇ 7.5 ಕೊರತೆ. ಇನ್ನೂ ಮುಂದಿನ ಪದಗಳನ್ನು ಸೇರಿಸುತ್ತಾ ಹೋದರೆ ತಳಮಟ್ಟ ಸರಿಹೋಗುತ್ತದೆ ಎಂದು ಕಾಯಬೇಡಿ. ಈ ಸರಣಿ ಒಮ್ಮುಖವಾಗುವುದಿಲ್ಲ. ದೊಡ್ಡ n ಗೆ ಮೊದಲ ಕೆಲವು ಪದಗಳು ಸಹಾಯ ಮಾಡುತ್ತವೆ, ಚಿಕ್ಕ n ಗೆ ಬೇಗನೇ ತಿರುಗಿ ಬೀಳುತ್ತವೆ. ಇನ್ನೊಂದು ಎಚ್ಚರ: ಒಳಗಿನ 1/√ ತಿರುವು ಬಿಂದುವಿನಲ್ಲಿ ಸಿಡಿಯುತ್ತದೆ. ಮೊದಲು ಇಂಟಿಗ್ರಲ್, ಆಮೇಲೆ d/dE, ಅದೇ ಕ್ರಮದಲ್ಲಿ ಮಾಡಿ. d/dE ಯನ್ನು ಒಳಗೆ ತಳ್ಳಿದರೆ ಇಂಟಿಗ್ರಲ್ ಅನಂತವಾಗುತ್ತದೆ.

ತಳಮಟ್ಟವೇ ಮುಖ್ಯ ಎಂದಾದರೆ ಈ ದಾರಿ ನಿಮಗಲ್ಲ.

## ಲಕ್ಷಣ 5: ಪರಮಾಣುವಿನ ಲೆಕ್ಕದಲ್ಲಿ l ಇದ್ದಾಗ ಮಟ್ಟಗಳು ಕೆಳಗೆ ಕುಸಿಯುತ್ತವೆ

ಹೈಡ್ರೋಜನ್‌ನ 2p ಮಟ್ಟ −3.40 ಇವಿ ಬರಬೇಕು. ನಿಮಗೆ −3.71 ಬರುತ್ತಿದೆ. 3d ಮಟ್ಟ −1.51 ಬದಲು −1.56. l ದೊಡ್ಡದಾದಂತೆ ತಪ್ಪು ಕಡಿಮೆಯಾಗುತ್ತದೆ. ಈ ಗುರುತು ಕಂಡರೆ ಬೇರೇನೂ ಹುಡುಕಬೇಡಿ, ಕೇಂದ್ರಾಪಗಾಮಿ ಪದದಲ್ಲಿ l(l+1) ಇರುವ ಕಡೆ (l + 1/2)² ಹಾಕಿ. ಎರಡೂ ಮಟ್ಟ ನಿಖರವಾಗಿ ಬರುತ್ತವೆ. 1937 ರಲ್ಲಿ ಲ್ಯಾಂಗರ್ ಇದಕ್ಕೆ ಸರಿಯಾದ ಕಾರಣ ಕೊಟ್ಟರು, ಹಾಗಾಗಿ ಇದನ್ನು ಲ್ಯಾಂಗರ್ ತಿದ್ದುಪಡಿ ಎನ್ನುತ್ತಾರೆ.

ಇದೂ ತಿರುವು ಬಿಂದುವಿನ ಕಥೆಯೇ. r ಎಂಬುದು ಸೊನ್ನೆಯಲ್ಲಿ ಮುಗಿದುಹೋಗುತ್ತದೆ, x ನ ಹಾಗೆ ಎಡಕ್ಕೆ ಅನಂತದವರೆಗೆ ಹೋಗುವುದಿಲ್ಲ. ಒಳಗಿನ ತಿರುವು ಬಿಂದುವಿನ ಆಚೆ, r = 0 ಹತ್ತಿರ, ನಿಜವಾದ ಉತ್ತರ r ನ l + 1 ಘಾತದಂತೆ ಸವೆಯಬೇಕು. ಅಲ್ಲಿ ಪೊಟೆನ್ಶಿಯಲ್ λ/r² ಇದ್ದರೆ ಡಬ್ಲ್ಯೂಕೆಬಿ ಕೊಡುವುದು r ನ 1/2 + √λ ಘಾತ. ಎರಡೂ ಒಂದಾಗಬೇಕಾದರೆ √λ = l + 1/2 ಆಗಲೇಬೇಕು. ಇದು ಕೈಯಾರೆ ಹಾಕಿದ ತೇಪೆಯಲ್ಲ ಎನ್ನುವುದಕ್ಕೆ ಈ ಎರಡು ಸಾಲೇ ಸಾಕು.

ಎಚ್ಚರ: ಇದು r ಇರುವ ಲೆಕ್ಕಗಳಿಗೆ ಮಾತ್ರ. ಒಂದೇ ಆಯಾಮದ x ಲೆಕ್ಕಕ್ಕೆ ತಂದು ಸೇರಿಸಬೇಡಿ. l = 0 ಇದ್ದಾಗ ಕೆಲವರು r = 0 ಯನ್ನು ಗೋಡೆ ಎಂದು n + 3/4 ಹಾಕುತ್ತಾರೆ, ಅಲ್ಲಿ ಪೊಟೆನ್ಶಿಯಲ್ ಸಿಡಿಯದಿದ್ದರೆ ಅದೂ ನಡೆಯುತ್ತದೆ. ಆದರೆ ಲ್ಯಾಂಗರ್ ತಿದ್ದುಪಡಿ ಹಾಕಿ, ಮೇಲೆ 3/4 ಕೂಡ ಹಾಕಿದರೆ ಒಂದೇ ತುದಿಗೆ ಎರಡು ಬಾರಿ ತೆರಿಗೆ ಕಟ್ಟಿದ ಹಾಗೆ.

## ಲಕ್ಷಣ 6: ಮಟ್ಟಗಳು ಜೋಡಿ ಜೋಡಿಯಾಗಿ ಬರಬೇಕಿತ್ತು, ಇಲ್ಲವೇ ಒಂದು ಕಡೆ ಗುಂಪುಗೂಡಿವೆ

ಮೊದಲು V ಯ ಗ್ರಾಫ್ ಬಿಡಿಸಿ, ಅದರ ಮೇಲೆ E ಎತ್ತರದಲ್ಲಿ ಒಂದು ಅಡ್ಡಗೆರೆ ಎಳೆಯಿರಿ. ಗೆರೆ ಎಷ್ಟು ಕಡೆ ಕತ್ತರಿಸುತ್ತದೆ? ಎರಡೇ ಕಡೆ ಆದರೆ ಇಲ್ಲಿಯವರೆಗೆ ಹೇಳಿದ್ದೆಲ್ಲ ಅನ್ವಯಿಸುತ್ತದೆ. ನಾಲ್ಕು ಕಡೆ ಆದರೆ ನಿಮ್ಮ ಪೊಟೆನ್ಶಿಯಲ್‌ನಲ್ಲಿ ಎರಡು ಗುಂಡಿಗಳಿವೆ, ನಡುವೆ ಒಂದು ದಿಬ್ಬ. ಮೂಲ ಹುಡುಕುವ ಪ್ರೋಗ್ರಾಂ ಇವುಗಳಲ್ಲಿ ಯಾವುದೋ ಒಂದನ್ನು ಹಿಡಿದು ಸುಮ್ಮನಾಗುತ್ತದೆ, ಏನೂ ತಪ್ಪಾದಂತೆ ತೋರಿಸುವುದಿಲ್ಲ.

ಅಮೋನಿಯಾ ಅಣು ಇದರ ಒಳ್ಳೆಯ ಉದಾಹರಣೆ. ಮೂರು ಹೈಡ್ರೋಜನ್‌ಗಳ ಸಮತಲದ ಈ ಕಡೆ ಅಥವಾ ಆ ಕಡೆ ನೈಟ್ರೋಜನ್ ಇರಬಹುದು. ನಡುವಿನ ದಿಬ್ಬದ ಎತ್ತರ ಸುಮಾರು 2000 cm⁻¹. ಒಂದೊಂದು ಗುಂಡಿಗೂ ಬೇರೆ ಬೇರೆಯಾಗಿ ಡಬ್ಲ್ಯೂಕೆಬಿ ಹಾಕಿದರೆ ಎರಡೂ ಕಡೆ ಒಂದೇ ಶಕ್ತಿ ಬರುತ್ತದೆ. ನಿಜದಲ್ಲಿ ತಳಮಟ್ಟ 0.79 cm⁻¹ ಅಂತರದ ಎರಡು ಮಟ್ಟಗಳಾಗಿ ಸೀಳಿದೆ. ಮೊದಲ ಮೈಕ್ರೋವೇವ್ ಮೇಸರ್ ಕೆಲಸ ಮಾಡಿದ್ದು ಇದೇ ಸೀಳಿನ ಮೇಲೆ, 23.9 ಗಿಗಾಹರ್ಟ್ಸ್ ಹತ್ತಿರ. ದಿಬ್ಬ ಎತ್ತರವಿರುವಾಗ ಈ ಸೀಳನ್ನು ಹೀಗೆ ಅಂದಾಜು ಮಾಡಬಹುದು:

```
ΔE ≈ (ħω/π) exp(−K),     K = (1/ħ) ∫ |p| dx   (ದಿಬ್ಬದ ಒಳಗೆ)
```

ಇಲ್ಲಿ ω ಎಂದರೆ ಒಂದು ಗುಂಡಿಯೊಳಗೆ ಕಣ ಹೋಗಿಬರುವ ಕೋನೀಯ ಆವರ್ತನ. K ದೊಡ್ಡದಿದ್ದರೆ, ಅಂದರೆ 2–3 ಕ್ಕಿಂತ ಮೇಲಿದ್ದರೆ, ಇದು ಚೆನ್ನಾಗಿ ನಡೆಯುತ್ತದೆ. ಅಮೋನಿಯಾದ ಮುಂದಿನ ಜೋಡಿಯಲ್ಲಿ ಸೀಳು ಸುಮಾರು 36 cm⁻¹. ಅದರ ಮುಂದಿನದರಲ್ಲಿ ಹೆಚ್ಚುಕಮ್ಮಿ 280. ಅಷ್ಟರಲ್ಲಿ ಜೋಡಿ ಎನ್ನುವ ಮಾತೇ ಸಡಿಲವಾಗುತ್ತದೆ, ಏಕೆಂದರೆ ಮಟ್ಟಗಳು ದಿಬ್ಬದ ನೆತ್ತಿಗೆ ಹತ್ತಿರ ಬಂದಿವೆ.

ನೆತ್ತಿಯ ಬಳಿ ಕೈ ಎತ್ತಬೇಕು. ಅಲ್ಲಿ ಒಳಗಿನ ಎರಡು ತಿರುವು ಬಿಂದುಗಳು ಒಂದರ ಹತ್ತಿರ ಒಂದು ಬರುತ್ತವೆ, ನೆತ್ತಿಯಲ್ಲಿ ಕೂಡಿಕೊಳ್ಳುತ್ತವೆ. ಕೂಡುವ ಜಾಗದಲ್ಲಿ ಸ್ಲೋಪ್ ಸೊನ್ನೆ, ಹಾಗಾಗಿ a ಅನಂತ. ಏರಿ ಫಲನಕ್ಕೆ ಅಲ್ಲಿ ನಿಲ್ಲಲು ನೆಲವೇ ಇಲ್ಲ. ಹಳೆಯ ಯಂತ್ರಶಾಸ್ತ್ರದ ಕಣ ನೆತ್ತಿಯನ್ನು ತಲುಪಲು ಅನಂತ ಕಾಲ ತೆಗೆದುಕೊಳ್ಳುತ್ತದೆ. ಆದ್ದರಿಂದ ಸಾದಾ ಸೂತ್ರ ಅಲ್ಲಿ ಮಟ್ಟಗಳನ್ನು ಅನಗತ್ಯವಾಗಿ ಒತ್ತೊತ್ತಾಗಿ ತುರುಕುತ್ತದೆ. ನೀವು ಕಂಡ ಗುಂಪು ಅದೇ. ನೇರ ಗೆರೆಯ ಬದಲು ತಲೆಕೆಳಗಾದ ಪ್ಯಾರಾಬೊಲವನ್ನೇ ಇಟ್ಟು ಜೋಡಿಸುವ ವಿಧಾನವಿದೆ, ಅದರಲ್ಲಿ ಎರಡು ತಿರುವು ಬಿಂದುಗಳನ್ನೂ ಒಟ್ಟಿಗೆ ನೋಡಿಕೊಳ್ಳಲಾಗುತ್ತದೆ. K ಒಂದಕ್ಕಿಂತ ಕಡಿಮೆಯಾದರೆ ಒಂದೋ ಅದಕ್ಕೆ ಹೋಗಿ, ಇಲ್ಲವೇ ಡಬ್ಲ್ಯೂಕೆಬಿಯನ್ನು ಪಕ್ಕಕ್ಕಿಡಿ.

## ಯಾವಾಗ ನಿಲ್ಲಿಸಿ ಬೇರೆ ದಾರಿ ಹಿಡಿಯಬೇಕು

ತಳಮಟ್ಟವೊಂದೇ ಬೇಕಿದ್ದರೆ, ಗುಂಡಿಯಲ್ಲಿ ಒಂದೆರಡು ಮಟ್ಟಗಳಷ್ಟೇ ಇದ್ದರೆ, ಮಟ್ಟ ದಿಬ್ಬದ ನೆತ್ತಿಯ ಬಳಿ ಇದ್ದರೆ, ಇಲ್ಲವೇ ಗೋಡೆಯೂ ಅಲ್ಲದ ಇಳಿಜಾರೂ ಅಲ್ಲದ ತುದಿ ಇದ್ದರೆ ಸಮೀಕರಣವನ್ನು ನೇರವಾಗಿ ಬಿಡಿಸಿ. ಒಂದು ಆಯಾಮದಲ್ಲಿ ಇದು ಈಗ ದೊಡ್ಡ ಕೆಲಸವಲ್ಲ. ಸಮದೂರದ ಗ್ರಿಡ್ ಮೇಲೆ ಎರಡನೇ ಅವಕಲನವನ್ನು ಮೂರು ಬಿಂದುಗಳ ವ್ಯತ್ಯಾಸವಾಗಿ ಬರೆದರೆ ಒಂದು ಮ್ಯಾಟ್ರಿಕ್ಸ್ ಸಿಗುತ್ತದೆ:

```python
from scipy.linalg import eigh_tridiagonal
x = np.linspace(-6, 6, 2001)
h = x[1] - x[0]
E = eigh_tridiagonal(2/h**2 + V(x), -np.ones(2000)/h**2,
                     select='i', select_range=(0, 4))[0]
```

ಇದು x⁴ ಗೆ 1.060, 3.800, 7.456 ಎಂದು ಕೊಡುತ್ತದೆ. ಗ್ರಿಡ್‌ನ ತುದಿ ತಿರುವು ಬಿಂದುವಿನಿಂದ ಸಾಕಷ್ಟು ಆಚೆ ಇರಬೇಕು ಎನ್ನುವುದನ್ನು ಮಾತ್ರ ಮರೆಯಬೇಡಿ. ಇಲ್ಲಿ ತಿರುವು ಬಿಂದು 2 ರಲ್ಲಿದೆ, ಗ್ರಿಡ್ 6 ರವರೆಗೆ ಇದೆ. ಗ್ರಿಡ್ಡನ್ನು ತಿರುವು ಬಿಂದುವಿನಲ್ಲೇ ಕತ್ತರಿಸಿದರೆ ಅಲ್ಲಿ ನೀವೇ ಒಂದು ಗೋಡೆ ಕಟ್ಟಿದಂತಾಗುತ್ತದೆ, ಮಟ್ಟಗಳು ಮೇಲೇರುತ್ತವೆ. n = 50 ಅಥವಾ 100 ರ ಮಟ್ಟ ಬೇಕಾದಾಗ ಈ ಗ್ರಿಡ್ ತುಂಬಾ ಸಣ್ಣಗಾಗಬೇಕಾಗುತ್ತದೆ. ಅಂಥ ಕಡೆ ಮೇಲಿನ `E_wkb` ಗೇ ವಾಪಸ್ ಬನ್ನಿ, ಆದರೆ ಅದರ ಹುಡುಕಾಟದ ಮೇಲ್ಮಿತಿ 100 ಅನ್ನು ದೊಡ್ಡದು ಮಾಡಿಕೊಳ್ಳಿ. x⁴ ಗೆ n = 50 ರ ಮಟ್ಟವೇ 400 ದಾಟುತ್ತದೆ.